‘ಬೀಡಿ ಸೇದುತ್ತಿದ್ದರು’ ಎಂದ ಮಾತ್ರಕ್ಕೆ ಕ್ಲೇಮು ತಿರಸ್ಕರಿಸಬಹುದೇ?

(ಹಾವೇರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮನೆಯ ಯಜಮಾನ ತೀರಿಕೊಂಡು ಕೆಲವು ತಿಂಗಳಾದ ಮೇಲೆ ವಿಮಾ ಕಂಪನಿಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಬರುತ್ತದೆ. ಇಂಗ್ಲಿಷಿನಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಸಂತಾಪ, ಎರಡನೆಯ ಪ್ಯಾರಾದಲ್ಲಿ ತಿರಸ್ಕಾರ. ಮೃತರು ಹಲವು ವರ್ಷಗಳಿಂದ ಧೂಮಪಾನಿಯಾಗಿದ್ದರು, ಪಾಲಿಸಿ ಕೇಳಿ ತುಂಬಿಕೊಟ್ಟ ಪ್ರಸ್ತಾವನಾ ಪತ್ರದಲ್ಲಿ ಧೂಮಪಾನದ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರಿಸಿದ್ದಾರೆ, ಇದು ಮಹತ್ವದ ಸಂಗತಿಯನ್ನು ಮುಚ್ಚಿಟ್ಟಂತೆ, ಆದ್ದರಿಂದ ಕ್ಲೇಮು ಕೊಡಲಾಗದು ಎಂಬುದು ಅದರ ಸಾರ. ಕೆಲವೊಮ್ಮೆ ಕಟ್ಟಿದ ಕಂತುಗಳ ಮೊತ್ತಕ್ಕೆ ಒಂದು ಚೆಕ್ಕೂ ಜೊತೆಗಿರುತ್ತದೆ.

ಇಂಥ ಪತ್ರ ಹಿಡಿದುಕೊಂಡು ಬಂದವರೆಲ್ಲ ಕುಳಿತ ತಕ್ಷಣ ಹೇಳುವ ಮಾತು ಒಂದೇ: ‘ಸರ್, ಅವರು ಸೇದುತ್ತಲೇ ಇರಲಿಲ್ಲ.’ ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ‘ಯಾವಾಗಲೋ ಒಂದೊಂದು’ ಎನ್ನುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಸೇದುತ್ತಿದ್ದರು ಎಂದು ಒಪ್ಪಿಕೊಂಡರೆ ಎಲ್ಲವೂ ಮುಗಿಯಿತು ಎಂದು ಅವರು ಹೆದರಿರುತ್ತಾರೆ. ಇಂದು ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದಕ್ಕೇ ಸಂಬಂಧಿಸಿದ್ದು. ಸೇದುತ್ತಿದ್ದರೋ ಇಲ್ಲವೋ ಎಂಬಲ್ಲಿಗೆ ಈ ವ್ಯಾಜ್ಯ ಮುಗಿಯುವುದಿಲ್ಲ. ಸೇದುತ್ತಿದ್ದರು ಎಂದು ಗೊತ್ತಿದ್ದರೆ ಕಂಪನಿ ಪಾಲಿಸಿಯನ್ನೇ ಕೊಡುತ್ತಿರಲಿಲ್ಲವೇ ಎಂಬ ಇನ್ನೊಂದು ಪ್ರಶ್ನೆ ಅದರ ಹಿಂದೆ ಇದೆ. ಅದಕ್ಕೆ ಉತ್ತರ ಕೊಡಬೇಕಾದವರು ನೀವಲ್ಲ, ಕಂಪನಿ. ಮೇಲ್ಮನವಿ ಬರೆಯುವವರು ಬಹುತೇಕ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಒಂದು ಪ್ರಕರಣವನ್ನು ಎದುರಿಗಿಟ್ಟುಕೊಂಡು ಮಾತನಾಡೋಣ. ಇದು ಯಾವುದೇ ಒಂದು ಕುಟುಂಬದ ಕಥೆಯಲ್ಲ. ಇಂಥ ಕಡತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ನಾನೇ ಕಟ್ಟಿದ್ದು. ಅಂಕಿಗಳೂ ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ 41 ವರ್ಷದ ಒಬ್ಬರು 2022ರ ಮಾರ್ಚ್‌ನಲ್ಲಿ 20 ಲಕ್ಷ ರೂಪಾಯಿಯ ಟರ್ಮ್ ಪಾಲಿಸಿ ಮಾಡಿಸಿದರು. ವರ್ಷಕ್ಕೆ 9,000 ರೂಪಾಯಿ ಕಂತು. ಮೂರು ಕಂತು ಕಟ್ಟಿದರು. 2024ರ ಮೇ ತಿಂಗಳ ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತಂದರು, ಬೆಳಗಾಗುವುದರೊಳಗೆ ಹೃದಯಾಘಾತದಿಂದ ತೀರಿಕೊಂಡರು. ಪತ್ನಿ ನಾಮಿನಿ. ಕ್ಲೇಮು ಹಾಕಿದರು. ನವೆಂಬರ್‌ನಲ್ಲಿ ತಿರಸ್ಕಾರ ಪತ್ರವೂ 27,000 ರೂಪಾಯಿಯ ಚೆಕ್ಕೂ ಬಂದವು.

ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದರ ದಿನಾಂಕ. ವಿಮಾ ಕಾಯ್ದೆ 1938ರ 45ನೇ ಕಲಮನ್ನು 2015ರಲ್ಲಿ ತಿದ್ದಲಾಯಿತು. ಅದರ ಪ್ರಕಾರ ಪಾಲಿಸಿ ಕೊಟ್ಟ ದಿನ, ಅಪಾಯದ ಹೊಣೆ ಶುರುವಾದ ದಿನ, ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದ ದಿನ, ರೈಡರ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ವಂಚನೆ ಎಂಬ ಕಾರಣಕ್ಕೂ ಇಲ್ಲ. ಇಲ್ಲಿ ಸಾವಿನ ದಿನವನ್ನಷ್ಟೇ ಎಣಿಸಿ ಸುಮ್ಮನಾಗಬೇಡಿ. ಕಲಮು ಹೇಳುವುದು ಪಾಲಿಸಿಯನ್ನು ಪ್ರಶ್ನಿಸಿದ ದಿನದ ಬಗ್ಗೆ. ಎರಡು ವರ್ಷ ಹತ್ತು ತಿಂಗಳಿಗೆ ಸಾವು, ಮೂರು ವರ್ಷ ಎರಡು ತಿಂಗಳಿಗೆ ತಿರಸ್ಕಾರ ಪತ್ರ ಎಂದಾದರೆ ಮೇಲ್ಮನವಿಯ ಮೊದಲ ಪ್ಯಾರಾ ಅದೇ ಆಗಬೇಕು. ನಮ್ಮ ಬ್ಯಾಡಗಿಯ ಪ್ರಕರಣದಲ್ಲಿ ಆ ಅನುಕೂಲವಿಲ್ಲ. ಮೂರು ವರ್ಷ ತುಂಬುವುದು 2025ರ ಮಾರ್ಚ್‌ನಲ್ಲಿ, ಪತ್ರ ಬಂದಿದ್ದು ಅದಕ್ಕೆ ನಾಲ್ಕು ತಿಂಗಳು ಮೊದಲು.

ಎರಡನೆಯದಾಗಿ, ಪತ್ರ ಯಾವ ಆರೋಪದ ಮೇಲೆ ನಿಂತಿದೆ ಎಂಬುದನ್ನು ನೋಡಬೇಕು. ಮೂರು ವರ್ಷದೊಳಗೆ ಕಂಪನಿಗೆ ಎರಡು ದಾರಿಗಳಿವೆ. ಒಂದು ವಂಚನೆ. ಇನ್ನೊಂದು, ವಂಚನೆಯಿಲ್ಲದೆ, ಆಯುಷ್ಯದ ಅಂದಾಜಿಗೆ ಮಹತ್ವವಾದ ಸಂಗತಿಯನ್ನು ತಪ್ಪಾಗಿ ಹೇಳಿದ್ದು ಅಥವಾ ಮುಚ್ಚಿಟ್ಟಿದ್ದು. ಎರಡನೆಯ ದಾರಿ ಹಿಡಿದರೆ ಕಟ್ಟಿದ ಕಂತುಗಳನ್ನು ತಿರಸ್ಕಾರದ ದಿನದಿಂದ 90 ದಿನಗಳೊಳಗೆ ಹಿಂತಿರುಗಿಸಬೇಕು. ಹೀಗಾಗಿ ಆ 27,000 ರೂಪಾಯಿಯ ಚೆಕ್ಕು ಕಂಪನಿ ತೋರಿಸಿದ ಔದಾರ್ಯವಲ್ಲ. ತಾನು ವಂಚನೆಯ ಆರೋಪ ಹೊರಿಸಿಲ್ಲ ಎಂಬುದಕ್ಕೆ ಕಂಪನಿಯೇ ಕೊಟ್ಟ ಸಾಕ್ಷ್ಯ ಅದು. ಪತ್ರದಲ್ಲಿ ವಂಚನೆ ಎಂಬ ಮಾತಿಲ್ಲದಿದ್ದರೆ, ಮುಂದೆ ಗ್ರಾಹಕ ಆಯೋಗದಲ್ಲಿ ಕಂಪನಿಯ ವಕೀಲರು ಎದ್ದುನಿಂತು ಅದನ್ನು ಹೊಸದಾಗಿ ಎತ್ತಲು ಬರುವುದಿಲ್ಲ. ತಿರಸ್ಕಾರ ಪತ್ರದಲ್ಲಿ ಹೇಳದ ಕಾರಣವನ್ನು ವಿಮಾ ಕಂಪನಿ ನಂತರ ಮುಂದಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದು ಜೀವವಿಮೆಯಲ್ಲದ, ಸಾಮಾನ್ಯ ವಿಮೆಯ ಪ್ರಕರಣ, ಆದರೂ ತತ್ವ ಇಲ್ಲಿಗೂ ಹೊಂದುತ್ತದೆ.

ಚೆಕ್ಕನ್ನು ಏನು ಮಾಡಬೇಕು? ಬ್ಯಾಂಕಿಗೆ ಹಾಕಬಹುದು, ಆದರೆ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂದು ಅಚ್ಚಾಗಿರುವ ರಸೀದಿಗೆ ಸಹಿ ಮಾಡಬೇಡಿ. ‘ನನ್ನ ಹಕ್ಕನ್ನು ಉಳಿಸಿಕೊಂಡು, ಆಕ್ಷೇಪದೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಕಂಪನಿಗೆ ಬರೆದು ತಿಳಿಸಿ, ಆ ಪತ್ರದ ಪ್ರತಿ ಮತ್ತು ಅಂಚೆಯ ರಸೀದಿ ಇಟ್ಟುಕೊಳ್ಳಿ.

ಈಗ ಕಂಪನಿಯ ಬಳಿ ಇರುವ ಪುರಾವೆಗೆ ಬರೋಣ. ನಮ್ಮ ಪ್ರಕರಣದಲ್ಲಿ ಎರಡು ಕಾಗದಗಳಿವೆ. ಒಂದು ಆಸ್ಪತ್ರೆಯ ಕೇಸ್ ಶೀಟಿನ ಪುಟ. ಇನ್ನೊಂದು, ಮಾರುಕಟ್ಟೆಯ ಹತ್ತಿರದ ಪಾನ್ ಅಂಗಡಿಯವರು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆನ್ನಲಾದ ಹೇಳಿಕೆ.

ಪಾಲಿಸಿ ಮಾಡಿಸಿದ ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ಕಂಪನಿಗಳು ತನಿಖೆಗೆ ಜನರನ್ನು ಕಳುಹಿಸುತ್ತವೆ. ಹೆಚ್ಚಾಗಿ ಅವರು ಕಂಪನಿಯ ನೌಕರರಲ್ಲ, ಹೊರಗಿನ ಸಂಸ್ಥೆಯವರು. ಆಸ್ಪತ್ರೆಗೆ ಹೋಗುತ್ತಾರೆ, ಓಣಿಯಲ್ಲಿ ವಿಚಾರಿಸುತ್ತಾರೆ, ಸಂತಾಪ ಹೇಳಲು ಬಂದವರಂತೆ ಮನೆಗೂ ಬರುತ್ತಾರೆ. ಪಾನ್ ಅಂಗಡಿಯವರ ಹೇಳಿಕೆಯಲ್ಲಿ ‘ಇವರು ನನ್ನ ಅಂಗಡಿಯಲ್ಲಿ ದಿನಾ ಸಿಗರೇಟು ಕೊಳ್ಳುತ್ತಿದ್ದರು’ ಎಂದಿದೆ. ಯಾವ ವರ್ಷದಿಂದ ಎಂದಿಲ್ಲ. ಕೆಳಗೆ ಒಂದು ಸಹಿ. ಬರೆದ ಕೈ ಒಂದು, ಸಹಿ ಮಾಡಿದ ಕೈ ಇನ್ನೊಂದು. ಪ್ರಮಾಣಪತ್ರವಿಲ್ಲದ ಇಂಥ ಹೇಳಿಕೆಗೆ ತೂಕ ಕಡಿಮೆ. ಅದನ್ನೇ ನಂಬಿಕೊಂಡರೆ ಆ ವ್ಯಕ್ತಿಯಿಂದ ಅಫಿಡವಿಟ್ ಕೊಡಿಸಬೇಕು, ನಿಮ್ಮ ಪ್ರಶ್ನೆಗಳಿಗೆ ಅವರು ಉತ್ತರಿಸಬೇಕು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಜೀವವಿಮೆ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಮೃತರು ತಮ್ಮ ಬೇರೆ ಪಾಲಿಸಿಗಳನ್ನು ಮುಚ್ಚಿಟ್ಟಿದ್ದಾರೆ ಎಂಬುದು ಅಲ್ಲಿನ ಆರೋಪ. ಕಂಪನಿ ಆ ಪಾಲಿಸಿಗಳ ಒಂದು ಪಟ್ಟಿಯನ್ನು ಅಫಿಡವಿಟ್‌ನಲ್ಲಿ ಸೇರಿಸಿತ್ತು, ಅದನ್ನು ಸಮರ್ಥಿಸುವ ದಾಖಲೆ ಕೊಟ್ಟಿರಲಿಲ್ಲ. ಮುಚ್ಚಿಟ್ಟಿದ್ದನ್ನು ಸಾಬೀತು ಮಾಡುವ ಹೊರೆ ಕಂಪನಿಯದು, ಬರೀ ಪಟ್ಟಿಯಿಂದ ಆ ಹೊರೆ ಇಳಿಯುವುದಿಲ್ಲ ಎಂದು ನ್ಯಾಯಾಲಯ ಹೇಳಿತು, ಹಣ ಕೊಡಿಸಿತು.

ಆದರೆ ಕೇಸ್ ಶೀಟು ಹಾಗಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು ಪೂರ್ತಿ ಪ್ರತಿಯನ್ನು ನೀವೇ ಪಡೆಯಿರಿ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡತೆಯ ನಿಯಮಗಳೇ ಹೇಳುತ್ತವೆ. ಕಂಪನಿ ತನ್ನ ಪತ್ರಕ್ಕೆ ಲಗತ್ತಿಸುವುದು ತನಗೆ ಬೇಕಾದ ಒಂದೇ ಪುಟವನ್ನು. ನೀವು ಎಲ್ಲ ಪುಟಗಳನ್ನೂ ಓದಬೇಕು.

ನಮ್ಮ ಪ್ರಕರಣದ ಪುಟಗಳನ್ನು ಹತ್ತಿರದಿಂದ ನೋಡೋಣ. ಕ್ಯಾಶುವಾಲ್ಟಿಯ ಹಾಳೆಯಲ್ಲಿ, ರಾತ್ರಿ 1.40ಕ್ಕೆ, ಕರ್ತವ್ಯದಲ್ಲಿದ್ದ ವೈದ್ಯರು ವೈಯಕ್ತಿಕ ಅಭ್ಯಾಸಗಳ ಕಾಲಂನಲ್ಲಿ ‘ಸ್ಮೋಕರ್, 15 ವರ್ಷ’ ಎಂದು ಬರೆದಿದ್ದಾರೆ. ಅದೇ ಹಾಳೆಯ ಮೇಲ್ಭಾಗದಲ್ಲಿ ‘ಮಾಹಿತಿ ನೀಡಿದವರು’ ಎಂಬ ಜಾಗವಿದೆ. ಅಲ್ಲಿ ಪತ್ನಿಯ ತಮ್ಮನ ಹೆಸರಿದೆ. ಆತ ಇರುವುದು ಗದಗಿನಲ್ಲಿ, ಹುಬ್ಬಳ್ಳಿಗೆ ನೇರವಾಗಿ ಬಂದು ಸೇರಿಕೊಂಡವನು. ಒಂದು ಗಂಟೆಯ ನಂತರ ಐಸಿಯುವಿನಲ್ಲಿ ಬರೆದ ಟಿಪ್ಪಣಿಯಲ್ಲಿ ‘ಅಪರೂಪಕ್ಕೆ ಸೇದುತ್ತಾರೆ’ ಎಂದಿದೆ. ಅದಕ್ಕೆ ಮಾಹಿತಿ ಕೊಟ್ಟವರು ಪತ್ನಿ. ನರ್ಸ್‌ಗಳು ತುಂಬುವ ದಾಖಲಾತಿ ಹಾಳೆಯಲ್ಲಿ ಅಭ್ಯಾಸಗಳ ಕಾಲಂ ಖಾಲಿ ಇದೆ. ಕಂಪನಿ ಲಗತ್ತಿಸಿದ್ದು ಮೊದಲನೆಯ ಹಾಳೆಯನ್ನು ಮಾತ್ರ.

ಇಲ್ಲಿ ಆ ‘15 ವರ್ಷ’ ಎಂಬ ಅಂಕಿಯೇ ಕಂಪನಿಯ ಆಧಾರ. ಯಾಕೆಂದರೆ ಪ್ರಸ್ತಾವನಾ ಪತ್ರದ ಉತ್ತರ ನಿಜವಾಗಿರಬೇಕಾದದ್ದು 2022ರ ಮಾರ್ಚ್‌ನಲ್ಲಿ. 2024ರಲ್ಲಿ ಸೇದುತ್ತಿದ್ದರು ಎಂಬುದರಿಂದ 2022ರ ಉತ್ತರ ಸುಳ್ಳಾಗುವುದಿಲ್ಲ. ವರ್ಷಗಳ ಲೆಕ್ಕ ಹಿಂದಕ್ಕೆ ಚಾಚಿದಾಗ ಮಾತ್ರ ಸುಳ್ಳಾಗುತ್ತದೆ. ಆ ಲೆಕ್ಕ ಹೇಳಿದವನು ಜೊತೆಗೆ ವಾಸವಿಲ್ಲದ ಸಂಬಂಧಿ, ಗಾಬರಿಯ ಹೊತ್ತಿನಲ್ಲಿ, ಅಂದಾಜಿನ ಮೇಲೆ. ಬರೆದ ವೈದ್ಯರು ಅದನ್ನು ತಾವಾಗಿ ಪರಿಶೀಲಿಸಿಲ್ಲ. ಕಂಪನಿ ಆ ವೈದ್ಯರ ಅಫಿಡವಿಟ್ ತಂದಿದೆಯೇ? ಸಾಮಾನ್ಯವಾಗಿ ತಂದಿರುವುದಿಲ್ಲ. ಅಹಮದಾಬಾದಿನ ಗ್ರಾಹಕ ಆಯೋಗವೊಂದು 2021ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಕ್ಲೇಮಿನಲ್ಲಿ ಹೇಳಿದ್ದೂ ಇದನ್ನೇ: ಚಿಕಿತ್ಸೆಯ ಕಾಗದದಲ್ಲಿ ಧೂಮಪಾನದ ಚಟ ಎಂದು ಬರೆದಿರುವುದಷ್ಟೇ ಸಾಲದು, ಬರೆದ ವೈದ್ಯರಿಂದ ವಿವರಣೆ ಬೇಕು. ಅದು ಆರೋಗ್ಯ ವಿಮೆಯ ತೀರ್ಪು, ನಮ್ಮ ಆಯೋಗಗಳ ಮೇಲೆ ಬಂಧನಕಾರಿಯೂ ಅಲ್ಲ. ಆದರೂ ವಾದದ ದಿಕ್ಕನ್ನು ತೋರಿಸುತ್ತದೆ.

ಪಾಲಿಸಿ ಕೊಡುವ ಮುಂಚೆ ಕಂಪನಿಯೇ ವೈದ್ಯಕೀಯ ತಪಾಸಣೆ ಮಾಡಿಸಿತ್ತೇ ಎಂಬುದನ್ನೂ ವಿಚಾರಿಸಿ. ದೊಡ್ಡ ಮೊತ್ತದ ಟರ್ಮ್ ಪಾಲಿಸಿಗಳಲ್ಲಿ ಮೂತ್ರದ ಕೊಟಿನಿನ್ ಪರೀಕ್ಷೆ ಮಾಡಿಸುವುದುಂಟು. ನಿಕೋಟಿನ್ ದೇಹದಲ್ಲಿ ಒಡೆದು ಕೊಟಿನಿನ್ ಆಗುತ್ತದೆ. ಸೇದುವವರಲ್ಲಿ ಮಾತ್ರವಲ್ಲ, ತಂಬಾಕು ಅಗಿಯುವವರಲ್ಲೂ ಸಿಗುತ್ತದೆ. ಅದು ಅರ್ಧಕ್ಕಿಳಿಯಲು ಸುಮಾರು 16ರಿಂದ 20 ಗಂಟೆ ಬೇಕು, ಹಾಗಾಗಿ ಬಿಟ್ಟ ಮೇಲೆ ಕೆಲವು ದಿನಗಳವರೆಗೆ ಪರೀಕ್ಷೆಯಲ್ಲಿ ತೋರುತ್ತದೆ. ಫಲಿತಾಂಶ ಋಣಾತ್ಮಕವಾಗಿ ಬಂದಿದ್ದರೆ, ದಿನಾ ಸೇದುವವರು ಎಂಬ ವಾದಕ್ಕೆ ಕಂಪನಿಯದೇ ಕಾಗದ ಎದುರು ನಿಲ್ಲುತ್ತದೆ. ಅದು ಜೀವಮಾನದ ಪ್ರಮಾಣಪತ್ರವಂತೂ ಅಲ್ಲ. ವಾರಗಟ್ಟಲೆ ಬಿಟ್ಟು ಬಂದವರಲ್ಲಿ ಏನೂ ಕಾಣುವುದಿಲ್ಲ.

ಪ್ರಸ್ತಾವನಾ ಪತ್ರಕ್ಕೆ ಬರುತ್ತೇನೆ. ಪಾಲಿಸಿ ಬಾಂಡಿನ ಜೊತೆಯಲ್ಲೇ ಅದರ ಪ್ರತಿ ಇರಬೇಕು. ಹುಡುಕಿ ತೆಗೆದು ಪ್ರಶ್ನೆಯನ್ನು ಅಕ್ಷರಶಃ ಓದಿ. ‘ನೀವು ಸಿಗರೇಟು ಸೇದುತ್ತೀರಾ?’ ಎಂದಿದೆಯೇ, ‘ಕಳೆದ ಐದು ವರ್ಷಗಳಲ್ಲಿ ಯಾವುದೇ ರೂಪದಲ್ಲಿ ತಂಬಾಕು ಬಳಸಿದ್ದೀರಾ?’ ಎಂದಿದೆಯೇ, ‘ದಿನಕ್ಕೆ ಎಷ್ಟು?’ ಎಂಬ ಉಪಪ್ರಶ್ನೆ ಇದೆಯೇ? ಮೊದಲನೆಯ ಪ್ರಶ್ನೆ ಕೇಳಿದ್ದರೆ, ಹಿಂದೆ ಸೇದಿ ಬಿಟ್ಟಿದ್ದವರು ‘ಇಲ್ಲ’ ಎಂದದ್ದು ಸರಿಯಾದ ಉತ್ತರವೇ. ಪ್ರಶ್ನೆ ಅಸ್ಪಷ್ಟವಾಗಿದ್ದರೆ ಅದರ ಲಾಭ ಪ್ರಶ್ನೆ ಬರೆದವರಿಗೆ ಸಲ್ಲುವುದಿಲ್ಲ, ಉತ್ತರಿಸಿದವರಿಗೆ ಸಲ್ಲುತ್ತದೆ. ನಮ್ಮ ಕಡೆ ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಒಂದು ಚಿಟಿಕೆ ತಂಬಾಕು ಹಾಕಿಕೊಳ್ಳುವುದನ್ನು ಯಾರೂ ಚಟವೆಂದೇ ಎಣಿಸುವುದಿಲ್ಲ. ಫಾರಂ ಮಾತ್ರ ಅದನ್ನು ಸಿಗರೇಟಿನ ಸಾಲಿನಲ್ಲೇ ಇಟ್ಟು ಕೇಳುತ್ತದೆ. ಈ ವಿಷಯ ಇನ್ನೂ ಜೀವಂತ ಇರುವವರಿಗೆ ಹೆಚ್ಚು ಅಗತ್ಯ. ಮನೆಗೆ ಹೋಗಿ ನಿಮ್ಮ ಬಾಂಡಿನಲ್ಲಿ ಆ ಪುಟವನ್ನು ತೆರೆದು ನೋಡಿ. ತಪ್ಪಿದ್ದರೆ ಇವತ್ತೇ ಕಂಪನಿಗೆ ಬರೆಯಿರಿ.

ಬ್ಯಾಡಗಿಯವರ ಫಾರಂ ಇಂಗ್ಲಿಷಿನಲ್ಲಿದೆ. ಅಭ್ಯಾಸಗಳ ಕುರಿತ ಐದೂ ಪ್ರಶ್ನೆಗಳಿಗೆ ಒಂದೇ ಬಗೆಯ ಗುರುತಿನಲ್ಲಿ ‘ಇಲ್ಲ’ ಎಂದಿದೆ. ಸಹಿ ಕನ್ನಡದಲ್ಲಿದೆ. ಭಾಷೆ ಬೇರೆಯಾದಾಗ ಅಥವಾ ಬೇರೆಯವರು ತುಂಬಿದಾಗ, ವಿಷಯವನ್ನು ಓದಿ ವಿವರಿಸಲಾಗಿದೆ ಎಂಬ ಘೋಷಣೆಗೆ ಫಾರಂನ ಕೊನೆಯಲ್ಲಿ ಜಾಗವಿರುತ್ತದೆ. ಇಲ್ಲಿ ಅದು ಖಾಲಿ. ಅಲ್ಲದೆ ತುಂಬಿದ ಏಜೆಂಟರು ಅದೇ ಮಾರುಕಟ್ಟೆಯಲ್ಲಿ ಓಡಾಡುವವರು, ಇವರ ಜೊತೆ ಚಹಾ ಕುಡಿದವರು, ಸೇದುವುದನ್ನು ಕಣ್ಣಾರೆ ಕಂಡವರು. ವಿಮೆಗೆ ಜನರನ್ನು ಒಪ್ಪಿಸಿ ಮಾತುಕತೆ ನಡೆಸಿದ ವ್ಯಕ್ತಿಯನ್ನು, ಒಪ್ಪಂದ ಏರ್ಪಡುವ ಮಟ್ಟಿಗೆ, ಕಂಪನಿಯ ಏಜೆಂಟ್ ಎಂದೇ ಪರಿಗಣಿಸಬೇಕೆಂದು 45ನೇ ಕಲಮಿನಲ್ಲೇ ವಿವರಣೆಯಿದೆ. ಕಂಪನಿಗೆ ಗೊತ್ತಿದ್ದ ಸಂಗತಿಯನ್ನು ಮುಚ್ಚಿಟ್ಟರೆಂದು ವಂಚನೆ ಆರೋಪಿಸುವಂತಿಲ್ಲ ಎಂದೂ ಇದೆ. ಆದರೆ ಇದೊಂದರ ಮೇಲೆ ಇಡೀ ಮೇಲ್ಮನವಿಯನ್ನು ನಿಲ್ಲಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಫಾರಂಗೆ ಸಹಿ ಮಾಡಿದವರು ಅದರಲ್ಲಿರುವುದಕ್ಕೆ ಹೊಣೆ, ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡರು ಎಂಬುದು ನೆಪವಾಗದು ಎಂದು ಸುಪ್ರೀಂ ಕೋರ್ಟ್ 2019ರ ಒಂದು ಜೀವವಿಮೆ ತೀರ್ಪಿನಲ್ಲಿ ಹೇಳಿದೆ. ಕಂಪನಿಯ ವಕೀಲರು ಆ ತೀರ್ಪನ್ನು ಖಂಡಿತ ತೋರಿಸುತ್ತಾರೆ.

ಆ ತೀರ್ಪಿನ ಬಗ್ಗೆಯೇ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಡೀ ವಿಷಯದ ಗಂಟು ಇರುವುದು ಅಲ್ಲಿ. ವಿಮೆ ಕೊಡುವುದೋ ಬೇಡವೋ, ಕೊಟ್ಟರೆ ಎಷ್ಟು ಕಂತಿಗೆ ಎಂಬ ನಿರ್ಧಾರದ ಮೇಲೆ ಪ್ರಭಾವ ಬೀರುವ ಯಾವುದೇ ಸಂಗತಿ ಮಹತ್ವದ್ದೇ ಎಂಬ ಹಳೆಯ ಅಳತೆಗೋಲನ್ನು ಆ ತೀರ್ಪು ಬಳಸುತ್ತದೆ. ಆ ಅಳತೆಗೋಲು ಹಿಡಿದರೆ ಧೂಮಪಾನ ಮಹತ್ವದ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಸೇದುವವರಿಗೆ ಹೃದಯಾಘಾತದ ಅಪಾಯ ಹೆಚ್ಚು ಎಂಬುದು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡ ಸತ್ಯ. ಟರ್ಮ್ ಪಾಲಿಸಿಯಲ್ಲಿ ಸೇದುವವರಿಗೆ ಕಂತೂ ಹೆಚ್ಚು. ಆದರೆ ಆ ತೀರ್ಪಿನ ಪಾಲಿಸಿ 2009ರದ್ದು, ಸಾವು 2010ರದ್ದು. ಅದಕ್ಕೆ ಅನ್ವಯಿಸಿದ್ದು ತಿದ್ದುಪಡಿಗೆ ಮುಂಚಿನ 45ನೇ ಕಲಮು. ನಮ್ಮ ಬ್ಯಾಡಗಿಯ ಪಾಲಿಸಿ 2022ರದ್ದು. ಇದಕ್ಕೆ ಅನ್ವಯಿಸುವ ನಾಲ್ಕನೆಯ ಉಪಕಲಮಿನ ವಿವರಣೆಯಲ್ಲಿ ಎರಡು ಮಾತುಗಳಿವೆ. ಕಂಪನಿ ಹೊತ್ತ ಅಪಾಯದ ಮೇಲೆ ನೇರ ಪರಿಣಾಮ ಬೀರದ ಸಂಗತಿಯನ್ನು ಮಹತ್ವದ್ದೆಂದು ಪರಿಗಣಿಸುವಂತಿಲ್ಲ ಎಂಬುದು ಮೊದಲನೆಯದು. ಆ ಸಂಗತಿ ಗೊತ್ತಿದ್ದರೆ ವಿಮೆ ಪಡೆದವರಿಗೆ ಜೀವವಿಮೆ ಪಾಲಿಸಿಯನ್ನು ಕೊಡುತ್ತಲೇ ಇರಲಿಲ್ಲ ಎಂದು ತೋರಿಸುವ ಹೊರೆ ಕಂಪನಿಯ ಮೇಲಿದೆ ಎಂಬುದು ಎರಡನೆಯದು.

ಹೆಚ್ಚು ಕಂತು ಕೇಳುತ್ತಿದ್ದೆವು ಎಂದು ಅಲ್ಲಿಲ್ಲ. ಬೇರೆ ಷರತ್ತಿನ ಮೇಲೆ ಕೊಡುತ್ತಿದ್ದೆವು ಎಂದೂ ಇಲ್ಲ. ಕೊಡುತ್ತಲೇ ಇರಲಿಲ್ಲ ಎಂದಿದೆ. ಮೊದಲ ಮಾತಿನಲ್ಲಿ ಕಂಪನಿ ಗೆಲ್ಲಬಹುದು. ಹೃದಯಾಘಾತದ ಸಾವಿನಲ್ಲಿ ಧೂಮಪಾನಕ್ಕೂ ಅಪಾಯಕ್ಕೂ ಸಂಬಂಧವಿಲ್ಲ ಎಂದು ವಾದಿಸಿ ನಿಮ್ಮ ಮಾತಿನ ಬೆಲೆ ಕಳೆದುಕೊಳ್ಳಬೇಡಿ. ಎರಡನೆಯ ಮಾತಿನಲ್ಲಿ ಕಂಪನಿಗೆ ಕಷ್ಟವಿದೆ. ಯಾಕೆ ಎಂದು ಆ ಕಂಪನಿಯ ಟರ್ಮ್ ಪಾಲಿಸಿಯ ದರಪಟ್ಟಿಯನ್ನು ತೆರೆದರೆ ತಿಳಿಯುತ್ತದೆ. ಅದರಲ್ಲಿ ಸೇದದವರಿಗೆ ಒಂದು ಕಾಲಂ, ಸೇದುವವರಿಗೆ ಒಂದು ಕಾಲಂ. ನಮ್ಮ ಉದಾಹರಣೆಯಲ್ಲಿ 41 ವರ್ಷದವರಿಗೆ, 20 ಲಕ್ಷಕ್ಕೆ, ಮೊದಲ ಕಾಲಂನಲ್ಲಿ 9,000, ಎರಡನೆಯದರಲ್ಲಿ 14,000 ಎಂದಿಟ್ಟುಕೊಳ್ಳಿ. ಸೇದುವವರಿಗೆಂದು ದರ ಅಚ್ಚುಹಾಕಿಸಿ ಮಾರುತ್ತಿರುವ ಕಂಪನಿ, ಸೇದುವವರಿಗೆ ನಾವು ಪಾಲಿಸಿಯನ್ನೇ ಕೊಡುವುದಿಲ್ಲ ಎಂದು ಹೇಗೆ ಹೇಳೀತು? ಉಳಿತಾಯದ ಸಾಂಪ್ರದಾಯಿಕ ಪಾಲಿಸಿಗಳಲ್ಲಂತೂ ಹಲವು ಕಡೆ ಸೇದುವವರಿಗೆ ಬೇರೆ ದರವೇ ಇರುವುದಿಲ್ಲ. ಅಲ್ಲಿ ಈ ವಾದ ಇನ್ನೂ ಗಟ್ಟಿ.

ಕಂಪನಿ ಇದಕ್ಕೆ ಉತ್ತರ ಕೊಡದೆ ಇರುವುದಿಲ್ಲ. ‘ಸೇದದವರ ದರದ ಈ ಪಾಲಿಸಿಯನ್ನು ಕೊಡುತ್ತಿರಲಿಲ್ಲ’ ಎನ್ನುತ್ತದೆ. ಕಲಮಿನ ಮಾತಿಗೆ ಅದು ಹೊಸ ಪದಗಳನ್ನು ಸೇರಿಸಿದಂತೆ ಎಂದು ನೀವು ಹೇಳಬೇಕು. ಅಥವಾ ‘ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಸೇದುವವರಿಗೆ, ಜೊತೆಗೆ ರಕ್ತದೊತ್ತಡ ಇರುವವರಿಗೆ ನಾವು ನಿರಾಕರಿಸುತ್ತೇವೆ’ ಎನ್ನಬಹುದು. ಆಗ ಅದು ತನ್ನ ಒಳಗಿನ ಅಪಾಯ ಪರಿಶೀಲನೆಯ ಮಾರ್ಗಸೂಚಿಯನ್ನು ಹೊರತೆಗೆದು ತೋರಿಸಬೇಕು, ದಿನಕ್ಕೆ ಎಷ್ಟು ಸೇದುತ್ತಿದ್ದರು ಎಂಬುದನ್ನೂ ಸಾಬೀತು ಮಾಡಬೇಕು. ನಮ್ಮ ಕೇಸ್ ಶೀಟಿನಲ್ಲಿ ವರ್ಷಗಳ ಲೆಕ್ಕ ಇದೆ, ದಿನದ ಲೆಕ್ಕ ಇಲ್ಲ. ಸಂಖ್ಯೆಯೇ ಇಲ್ಲದೆ ಆ ಮಾರ್ಗಸೂಚಿಯ ಯಾವ ಸಾಲಿನಲ್ಲಿ ಇವರನ್ನು ಕೂರಿಸುತ್ತಾರೆ?

ಹಾಗಾಗಿ ಮೇಲ್ಮನವಿಗೂ ಮುಂಚೆ ಒಂದು ಪತ್ರ ಬರೆಯಬೇಕು. ಪ್ರಸ್ತಾವನಾ ಪತ್ರದ ಎಲ್ಲ ಪುಟಗಳು, ಏಜೆಂಟರ ಗೌಪ್ಯ ವರದಿ, ವೈದ್ಯಕೀಯ ತಪಾಸಣೆಯ ವರದಿ, ಪಾಲಿಸಿ ಕೊಡುವ ಮುನ್ನ ಪರಿಶೀಲನೆಗೆಂದು ಕಂಪನಿ ಮಾಡಿದ್ದ ದೂರವಾಣಿ ಕರೆಯ ಧ್ವನಿಮುದ್ರಣ, ತನಿಖಾ ವರದಿ ಮತ್ತು ಲಗತ್ತುಗಳು, ತಂಬಾಕು ಬಳಸುವವರ ಬಗ್ಗೆ ಆ ಪಾಲಿಸಿಗೆ ಆಗ ಜಾರಿಯಲ್ಲಿದ್ದ ಮಾರ್ಗಸೂಚಿ ಮತ್ತು ದರಪಟ್ಟಿ, ಇವಿಷ್ಟನ್ನೂ ಕೇಳಿ. ತಿರಸ್ಕಾರದ ಕಾರಣವನ್ನು ಮಾತ್ರವಲ್ಲ, ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಲಿಖಿತವಾಗಿ ತಿಳಿಸಬೇಕೆಂದು ಕಲಮು ಹೇಳುತ್ತದೆ, ಅದನ್ನೇ ಉಲ್ಲೇಖಿಸಿ. ಏಜೆಂಟರ ಗೌಪ್ಯ ವರದಿಯಲ್ಲಿ ಪ್ರಸ್ತಾವಕರ ಅಭ್ಯಾಸಗಳ ಬಗ್ಗೆ ಏಜೆಂಟರು ಏನು ಬರೆದಿದ್ದಾರೆ ಎಂಬುದು ಎಷ್ಟೋ ಸಲ ಪ್ರಕರಣದ ದಿಕ್ಕನ್ನೇ ಬದಲಿಸುತ್ತದೆ. ಕಂಪನಿ ಸರ್ಕಾರಿ ವಲಯದ್ದಾದರೆ ಮಾಹಿತಿ ಹಕ್ಕಿನಡಿಯೂ ಕೇಳಬಹುದು. ಕೊಡದಿದ್ದರೆ, ಕೇಳಿದೆವು ಕೊಡಲಿಲ್ಲ ಎಂಬುದೇ ಮುಂದೆ ನಿಮ್ಮ ಪರವಾದ ಸಂಗತಿಯಾಗುತ್ತದೆ.

ಮೇಲ್ಮನವಿಯನ್ನು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಅಥವಾ ಕ್ಲೇಮು ಮರುಪರಿಶೀಲನಾ ಸಮಿತಿಗೆ ಕೊಡಿ. ಬ್ಯಾಡಗಿಯ ಆ ತಾಯಿ ಅದರಲ್ಲಿ ಏನು ಬರೆಯಬೇಕು? ‘ನನ್ನ ಪತಿ ಎಂದೂ ಸೇದಿರಲಿಲ್ಲ’ ಎಂದಲ್ಲ. ಐಸಿಯು ಟಿಪ್ಪಣಿಗೆ ಮಾಹಿತಿ ಕೊಟ್ಟವರು ಅವರೇ; ಹಾಗೆ ಬರೆದರೆ ಮೊದಲ ದಿನವೇ ಅವರ ಮಾತು ಬಿದ್ದುಹೋಗುತ್ತದೆ. ನಿಜವನ್ನೇ ಬರೆಯಬೇಕು: ‘ನನ್ನ ಪತಿ ಅಪರೂಪಕ್ಕೆ ಸೇದುತ್ತಿದ್ದರು. 15 ವರ್ಷ ಎಂಬ ಮಾತಿಗೆ ಆಧಾರವಿಲ್ಲ. ಅದನ್ನು ಹೇಳಿದವರು ನಮ್ಮ ಜೊತೆ ವಾಸವಿಲ್ಲದ ನನ್ನ ತಮ್ಮ. ಫಾರಂ ಅನ್ನು ನಿಮ್ಮ ಏಜೆಂಟರು ಇಂಗ್ಲಿಷಿನಲ್ಲಿ ತುಂಬಿದರು, ಓದಿ ಹೇಳಿದ ಘೋಷಣೆ ಖಾಲಿ ಇದೆ. ಸೇದುವವರಿಗೂ ನೀವು ಈ ಪಾಲಿಸಿಯನ್ನು ಮಾರುತ್ತೀರಿ. ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂಬುದಕ್ಕೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ.’ ತಮ್ಮನಿಂದ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಬೇಕು. ಒಂದೂವರೆ ಪುಟ ಸಾಕು. ಕನ್ನಡದಲ್ಲೇ ಬರೆಯಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಮತ್ತೆ ‘ಇಲ್ಲ’ ಎಂದರೆ ಎರಡು ಬಾಗಿಲುಗಳಿವೆ. ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಪು ಕೊಡುವ, ಕರ್ನಾಟಕದ ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, 50 ಲಕ್ಷದವರೆಗೆ ಪರಿಹಾರ ಕೊಡಿಸಬಹುದು, ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಒಂಬುಡ್ಸ್‌ಮನ್ ಬಳಿಗೆ ಬರಲಾಗದು. ಜಿಲ್ಲಾ ಗ್ರಾಹಕ ಆಯೋಗಗಳು ಹಾವೇರಿ, ಗದಗ, ಧಾರವಾಡ ಮೂರರಲ್ಲೂ ಇವೆ. 2019ರ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಹೂಡಬಹುದು. ಬ್ಯಾಡಗಿಯವರು ಹಾವೇರಿಗೆ ಬಂದರೆ ಸಾಕು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಚಿಂತೆಯಿಲ್ಲ. ಶುಲ್ಕವನ್ನು 20 ಲಕ್ಷದ ಮೇಲೆ ಲೆಕ್ಕ ಹಾಕುವುದಿಲ್ಲ, ಕಟ್ಟಿದ ಕಂತಿನ ಮೇಲೆ. 27,000 ರೂಪಾಯಿ ಐದು ಲಕ್ಷಕ್ಕಿಂತ ಕಡಿಮೆ, ಹಾಗಾಗಿ ಶುಲ್ಕವೇ ಇಲ್ಲ.

ಯಾವುದು ಮೇಲು ಎಂದರೆ, ವಾದವೆಲ್ಲ ಕಾಗದದ ಮೇಲೆಯೇ ಇದ್ದಾಗ, ಅಂದರೆ ದರಪಟ್ಟಿ, ಖಾಲಿ ಘೋಷಣೆ, ಒಂದಕ್ಕೊಂದು ಹೊಂದದ ಕೇಸ್ ಶೀಟು ಇಷ್ಟೇ ಇದ್ದಾಗ, ನಾನು ಮೊದಲು ಒಂಬುಡ್ಸ್‌ಮನ್ ಎನ್ನುತ್ತೇನೆ. ಪಾನ್ ಅಂಗಡಿಯವರನ್ನೂ ವೈದ್ಯರನ್ನೂ ಪ್ರಶ್ನಿಸಲೇಬೇಕಾದ ಪ್ರಕರಣಕ್ಕೆ ಆಯೋಗವೇ ಸರಿ. ಆಯೋಗಕ್ಕೆ ಎರಡು ವರ್ಷದ ಗಡುವಿದೆ. ನಮ್ಮ ಪ್ರಕರಣದಲ್ಲಿ ಅದು 2026ರ ನವೆಂಬರ್‌ಗೆ ಮುಗಿಯುತ್ತದೆ. ಕಂಪನಿಗೆ ಪತ್ರದ ಮೇಲೆ ಪತ್ರ ಬರೆಯುತ್ತಾ ಕೂತರೆ ಈ ಗಡುವು ಮುಂದೆ ಹೋಗುವುದಿಲ್ಲ. ಒಳ್ಳೆಯ ಪ್ರಕರಣಗಳು ಹೀಗೆ ಕಾದು ಕೂತು ಹಾಳಾದದ್ದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ಈ ದಾರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಪತ್ರದಲ್ಲಿ ನೇರವಾಗಿ ವಂಚನೆ ಎಂದೇ ಬರೆದಿದ್ದರೆ ಪರಿಸ್ಥಿತಿ ಬೇರೆ. ಆಗ ನಾನು ಹೇಳಿದ ‘ಪಾಲಿಸಿಯನ್ನೇ ಕೊಡುತ್ತಿರಲಿಲ್ಲ’ ಎಂಬ ವಿವರಣೆ ನೇರವಾಗಿ ಅನ್ವಯಿಸುವುದಿಲ್ಲ, ಅದು ನಾಲ್ಕನೆಯ ಉಪಕಲಮಿಗೆ ಸೇರಿದ್ದು. ಕಂತು ಹಿಂತಿರುಗಿಸುವ ಹೊಣೆಯೂ ಇಲ್ಲ. ವಿಮೆ ಪಡೆದವರು ಬದುಕಿಲ್ಲದಾಗ, ಉದ್ದೇಶಪೂರ್ವಕವಾಗಿ ಮುಚ್ಚಿಟ್ಟಿರಲಿಲ್ಲ ಎಂದು ತೋರಿಸುವ ಹೊರೆ ನಾಮಿನಿಯ ಮೇಲೆ ಬೀಳುತ್ತದೆ. ಆಗ ಇಂಗ್ಲಿಷ್ ಫಾರಂ, ಖಾಲಿ ಘೋಷಣೆ, ಒಂದೇ ಬಗೆಯ ಐದು ಗುರುತುಗಳು, ಎಲ್ಲವನ್ನೂ ಬಲ್ಲ ಏಜೆಂಟರು, ಇವೇ ನಿಮ್ಮ ಆಸರೆ: ಪ್ರಶ್ನೆ ಅವರ ಮನಸ್ಸಿಗೆ ತಲುಪಿಯೇ ಇರಲಿಲ್ಲ, ಹಾಗಿರುವಾಗ ಮೋಸದ ಉದ್ದೇಶ ಎಲ್ಲಿಂದ ಬಂತು ಎಂದು ಕೇಳಬೇಕು. ದಿನಕ್ಕೊಂದು ಪ್ಯಾಕ್ ಸೇದುವ, ಇಂಗ್ಲಿಷ್ ಬಲ್ಲ ವ್ಯಕ್ತಿ ತಾನೇ ಮೊಬೈಲಿನಲ್ಲಿ ಫಾರಂ ತುಂಬಿ, ಎರಡು ದರಗಳನ್ನೂ ಪರದೆಯ ಮೇಲೆ ನೋಡಿ, ಕಡಿಮೆ ದರದ ಗುಂಡಿ ಒತ್ತಿ, ಒಟಿಪಿ ಕೊಟ್ಟು ದೃಢಪಡಿಸಿ, ವರ್ಷದೊಳಗೆ ತೀರಿಕೊಂಡಿದ್ದರೆ ಆ ಪ್ರಕರಣ ದುರ್ಬಲ. ಅಂಥ ಮನೆಯವರಿಗೆ ನಾನು ಸುಳ್ಳು ಭರವಸೆ ಕೊಡುವುದಿಲ್ಲ.

ಸಾವಿಗೂ ಧೂಮಪಾನಕ್ಕೂ ಸಂಬಂಧವೇ ಇಲ್ಲದಿದ್ದರೆ, ಉದಾಹರಣೆಗೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿ ಬಡಿದು ಸತ್ತರೆ? ಅದನ್ನು ಖಂಡಿತ ಎತ್ತಿ. ಮುಚ್ಚಿಟ್ಟ ಬೆನ್ನುಮೂಳೆಯ ತೊಂದರೆಗೂ ಹೃದಯದ ಕಾಯಿಲೆಯ ಸಾವಿಗೂ ಸಂಬಂಧವಿಲ್ಲ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಕ್ಲೇಮು ಕೊಡಿಸಿದೆ. ಸಂಬಂಧ ಇರಲೇಬೇಕೆಂದಿಲ್ಲ ಎಂಬ ಧಾಟಿಯ ತೀರ್ಪುಗಳೂ ಇವೆ. ಹಾಗಾಗಿ ಇದನ್ನು ಎರಡನೆಯ ವಾದವಾಗಿ ಇಡಿ, ಮೊದಲನೆಯದಾಗಿ ಬೇಡ.

ಕೊನೆಯದಾಗಿ ದೂರಿನಲ್ಲಿ ಏನು ಬೇಡಬೇಕು ಎಂಬುದು. 20 ಲಕ್ಷ ವಿಮಾ ಮೊತ್ತ, ತಿರಸ್ಕಾರದ ದಿನದಿಂದ ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ, ಖರ್ಚು. ಈಗಾಗಲೇ ಬಂದ 27,000 ರೂಪಾಯಿಯನ್ನು ಆ ಮೊತ್ತದಲ್ಲಿ ಕಳೆದುಕೊಳ್ಳಲು ಒಪ್ಪಿಗೆ ಇದೆ ಎಂದು ನೀವಾಗಿಯೇ ಬರೆಯಿರಿ. ಜೊತೆಗೆ ಒಂದು ಮಧ್ಯಂತರ ಅರ್ಜಿ ಹಾಕಿ: 2022ರ ಮಾರ್ಚ್‌ನಲ್ಲಿ ಜಾರಿಯಲ್ಲಿದ್ದ ಅಪಾಯ ಪರಿಶೀಲನೆಯ ಮಾರ್ಗಸೂಚಿ ಮತ್ತು ಸೇದುವವರ ದರಪಟ್ಟಿಯನ್ನು ಕಂಪನಿ ಹಾಜರುಪಡಿಸುವಂತೆ ಆದೇಶಿಸಬೇಕೆಂದು. ಹಾಜರುಪಡಿಸಿದರೆ ಅದರಲ್ಲಿರುವ ಎರಡನೆಯ ಕಾಲಂ ನಿಮ್ಮ ಪರವಾಗಿ ಮಾತನಾಡುತ್ತದೆ. ಹಾಜರುಪಡಿಸದಿದ್ದರೆ, ತನ್ನ ಕೈಯಲ್ಲಿರುವ ದಾಖಲೆಯನ್ನು ತಡೆಹಿಡಿದವರ ವಿರುದ್ಧವೇ ಊಹಿಸಬೇಕೆಂದು ಆಯೋಗವನ್ನು ಕೇಳುವ ಹಕ್ಕು ನಿಮಗಿರುತ್ತದೆ.